ಬ್ಯಾಟರಿ ಅತ್ತೆಯ ಅಳತೆ

"ಬ್ಯಾಟರಿ ಅತ್ತೆ ಡಾಕ್ಟರ್ ಮಾತು ನಂಬಲ್ಲ, ಮೀಟರ್ ಮಾತು ನಂಬ್ತಾಳೆ" ಎಂದು ನೆರೆಯವರು ನಗುತ್ತಿದ್ದರು. ಇನ್ವರ್ಟರ್ ರಿಪೇರಿ ಮಾಡುತ್ತಿದ್ದ ಆಕೆ ಈಗ ಆಮ್ಲಜನಕದ ಯಂತ್ರದಿಂದಲೇ ಉಸಿರಾಡುತ್ತಿದ್ದಳು.

ಅಂದು ಕರೆಂಟು ಹೋಯಿತು, ಸಂಜೆಯವರೆಗೂ ಬರುವುದಿಲ್ಲವೆಂದರು. ಯಂತ್ರ ಇನ್ವರ್ಟರಿನ ಬ್ಯಾಟರಿಯ ಮೇಲೆ ಓಡತೊಡಗಿತು. ಆಕೆಯೇ ಎರಡು ರೆಸಿಸ್ಟರ್ ಜೋಡಿಸಿ ಮಾಡಿದ್ದ ಮೀಟರು ಬ್ಯಾಟರಿಯ ವೋಲ್ಟೇಜಿನ ಕಾಲುಭಾಗವನ್ನಷ್ಟೇ ಅಳೆದು, ನಾಲ್ಕರಿಂದ ಗುಣಿಸಿ ತೋರಿಸುತ್ತಿತ್ತು. ಯಂತ್ರ ಓಡುತ್ತಿದ್ದಾಗ ಅದು ತೋರಿಸಿದ್ದು 11.6 ವೋಲ್ಟ್.

"ಮುಗೀತಾ ಅತ್ತೆ?" ಸೊಸೆ ಮೀಟರಿನತ್ತ ಬಾಗಿದಳು.

"ಯಂತ್ರದ ಲೋಡ್ ಇದ್ದಾಗ ಕಮ್ಮೀನೇ ತೋರ್ಸುತ್ತೆ ಕಣೇ. ಮೂಲೇಲಿರೋ ಆಮ್ಲಜನಕದ ಸಿಲಿಂಡರ್ ನನಗೆ ಹಾಕಿ, ಇನ್ವರ್ಟರ್ ಆರಿಸು. ಬ್ಯಾಟರಿ ಸುಧಾರಿಸಿಕೊಳ್ಳಲಿ."

ಅರ್ಧ ಗಂಟೆ ಇಬ್ಬರೂ ಅಂಕಿಯನ್ನೇ ನೋಡುತ್ತ ಕುಳಿತರು. ಅದು ಮೆಲ್ಲಗೆ ಏರಿ 12.0ಕ್ಕೆ ನಿಂತಿತು. ಸೊಸೆಗೆ ಹೋದ ಜೀವ ಬಂದಂತಾಯಿತು; ಅತ್ತೆಯ ಮುಖ ಬಿಳುಚಿತು.

"ತುಂಬಿದ್ರೆ 12.7 ಇರ್ಬೇಕಿತ್ತು. 12.0 ಅಂದ್ರೆ ಮುಕ್ಕಾಲು ಖಾಲಿ. ಸಂಜೆವರೆಗೂ ಎಳೆಯಲ್ಲ. ಸಿಲಿಂಡರ್ ಮುಗಿಯೋ ಮುಂಚೆ ಆಸ್ಪತ್ರೆ ಸೇರೋಣ, ನಡಿ."

ಸೊಸೆಯ ಹೆಗಲು ಹಿಡಿದು ಅತ್ತೆ ಹೊಸಿಲು ದಾಟಿದಳು. ಆಕೆ ಜೀವಂತವಾಗಿ ಆ ಮನೆಗೆ ಮತ್ತೆ ಬರಲಿಲ್ಲ.