ಬಸ್ರಾದ ಅಮ್ಮನ ಮಂಡಿನೋವು

ಅರಬ್ಬಿ ಓದಿದ ಕನ್ನಡದ ಹುಡುಗನಿಗೆ ದಿಲ್ಲಿಯಲ್ಲಿ ಏನು ಕೆಲಸ ಸಿಗುತ್ತದೆ ಎಂದು ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಕುತೂಹಲವಿತ್ತು. ಸಚಿವಾಲಯದಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪನಿಗೆ ಅದು ಕುತೂಹಲವಲ್ಲ, ಚಿಂತೆ. ಕೊನೆಗೆ ಗುರುಗ್ರಾಮದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಇರಾಕ್, ಯೆಮನ್, ಒಮಾನ್‌ಗಳಿಂದ ಚಿಕಿತ್ಸೆಗೆ ಬರುವವರ ಮಾತನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ಡಾಕ್ಟರ ಮಾತನ್ನು ಅವರಿಗೆ ಅರಬ್ಬಿಯಲ್ಲಿ ಹೇಳಬೇಕು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ರೋಗಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎಂದೇ ಹೇಳಬೇಕು. ‘ಅವರು ಹೀಗೆ ಹೇಳುತ್ತಿದ್ದಾರೆ’ ಎಂದು ನಡುವೆ ನಿಂತು ವರದಿ ಒಪ್ಪಿಸುವಂತಿಲ್ಲ. ಹಾಗಾಗಿ ದಪ್ಪ ಮೀಸೆಯ ನಾನು ಆ ದಿನ ಮೂಳೆ ಡಾಕ್ಟರ ಮುಂದೆ ಕೂತು, ಗಂಭೀರವಾಗಿ, “ನಾನು ಆರು ಮಕ್ಕಳನ್ನು ಹೆತ್ತಿದ್ದೇನೆ” ಎಂದೆ. ಹೊಸದಾಗಿ ಸೇರಿದ್ದ ನರ್ಸ್ ಬಿ.ಪಿ. ಪಟ್ಟಿಯನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು.

ನಿಜವಾಗಿ ಹೆತ್ತದ್ದು ನನ್ನ ಪಕ್ಕದಲ್ಲಿ ಕೂತಿದ್ದ ಇರಾಕಿನ ಬಸ್ರಾದ ಅಮ್ಮ. ಅರವತ್ತು ದಾಟಿದ ತುಂಬು ಶರೀರ, ಮೈತುಂಬ ಹೊದ್ದ ಕಪ್ಪು ಅಬಾಯಾ, ತುಂಬ ಜೀವಂತವಾದ ಕಣ್ಣು. ಎರಡೂ ಮಂಡಿ ಸವೆದಿದ್ದವು; ಮಂಡಿ ಬದಲಿಸುವ ಆಪರೇಷನ್ನಿಗೆಂದು ಬಂದಿದ್ದರು. ಜೊತೆಗೆ ಅವರ ಯಜಮಾನರು, ನಿವೃತ್ತ ಮೇಷ್ಟ್ರು, ಜಪಸರ ಎಣಿಸುತ್ತ ಮೂಲೆಯಲ್ಲಿ ಕೂತಿದ್ದರು. ಡಾಕ್ಟರು ಪಂಜಾಬಿ, ಕೆಲಸದಲ್ಲಿ ಚುರುಕು. ಅರಬ್ಬಿ ರೋಗಿಗಳನ್ನು ನೋಡಿ ನೋಡಿ ನಾಲ್ಕಾರು ಅರಬ್ಬಿ ಪದ ಕಲಿತಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ.

“ಐನಿ ದಕ್ತೋರ್...” ಎಂದು ಅಮ್ಮ ಬಾಯಿ ತೆರೆದರು. ನಾನು ತುಟಿ ತೆರೆಯುವ ಮೊದಲೇ ಡಾಕ್ಟರು, “ಐನ್ ಅಂದರೆ ಕಣ್ಣು, ನನಗೆ ಗೊತ್ತು!” ಎಂದು ಟಾರ್ಚ್ ತೆಗೆದು ಅವರ ಕಣ್ಣಿಗೆ ಬಿಟ್ಟರು. ಅಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನತ್ತ ತಿರುಗಿದರು. “ಇಲ್ಲಿ ಮಂಡಿಯನ್ನು ಮೇಲಿನಿಂದ ಇಣುಕಿ ನೋಡುತ್ತಾರಾ ಮಗನೇ?”

ಅದನ್ನೂ ಹೇಳಬೇಕಲ್ಲ, ಹೇಳಿದೆ. ಆಮೇಲೆ, “ದುಭಾಷಿಯ ಕಡೆಯಿಂದ ಒಂದು ಮಾತು, ಸರ್. ಇರಾಕಿನಲ್ಲಿ ‘ನನ್ನ ಕಣ್ಣೇ’ ಅನ್ನುವುದು ಪ್ರೀತಿಯಿಂದ ಕರೆಯುವ ರೀತಿ” ಎಂದು ಸೇರಿಸಿದೆ. ಡಾಕ್ಟರು ಟಾರ್ಚನ್ನು ಮೆಲ್ಲಗೆ ಜೇಬಿಗೆ ಇಳಿಸಿ, “ಅಚ್ಛಾ” ಎಂದರು.

ಆಮೇಲೆ ಅಮ್ಮನ ಮಾತಿನ ಕಟ್ಟೆ ಒಡೆಯಿತು. ಮೂಳೆಗಳೆಲ್ಲ ಮುರಿದುಹೋಗಿವೆಯಂತೆ. ಪಾದದಲ್ಲಿ ಇರುವೆ ನಡೆಯುತ್ತವಂತೆ. ನೋವಿನ ಮಾತ್ರೆ ನುಂಗಿದಾಗಲೆಲ್ಲ ಲಿವರ್ ಕದಡುತ್ತದಂತೆ. ಲಿವರ್ ಎಂದದ್ದೇ ಡಾಕ್ಟರ ಬೆರಳು ಕಂಪ್ಯೂಟರಿನ ಕಡೆ ಓಡಿತು, ಲಿವರ್ ಟೆಸ್ಟ್ ಬರೆಯಲು.

ಇಂಥ ಕಡೆ ದುಭಾಷಿ ತಾನೇ ಅರ್ಥ ಮಾಡಿಕೊಂಡು ಮುಂದೆ ಹೋಗಬಾರದು. ಪದ ಏನು, ಸಾಮಾನ್ಯವಾಗಿ ಅದರ ಅರ್ಥ ಏನು, ಎರಡನ್ನೂ ಹೇಳಿ, ರೋಗಿಯನ್ನೇ ಕೇಳಬೇಕು. “ಸರ್, ಪದ ಲಿವರ್ ಎಂದೇ ಇದೆ. ಆದರೆ ಅವರ ಕಡೆ ವಾಕರಿಕೆಗೆ ಹಾಗನ್ನುತ್ತಾರೆ. ಕೇಳಿ ಖಚಿತ ಮಾಡಿಕೊಳ್ಳಲೇ?” ಡಾಕ್ಟರು ತಲೆಯಾಡಿಸಿದರು. ಕೇಳಿದೆ. ಅಮ್ಮ ವಾಂತಿ ಬರುವವರ ಹಾಗೆ ಅಭಿನಯಿಸಿ ತೋರಿಸಿದ ಮೇಲೆ ಸಂಶಯ ಉಳಿಯಲಿಲ್ಲ. ಇರುವೆ ಎಂದರೆ ಜೋಮು, ಮುರಿದ ಮೂಳೆ ಎಂದರೆ ಮೈಕೈ ನೋವು ಎಂದೂ ಹೀಗೇ ಇತ್ಯರ್ಥವಾಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮಮ್ಮ ‘ಹೊಟ್ಟೆ ತೊಳಸ್ತಿದೆ ಕಣೋ’ ಎಂದಾಗ ನಾನು ಯಾವತ್ತಾದರೂ ಸೋಪು ಹುಡುಕಿಕೊಂಡು ಹೋಗಿದ್ದೇನೆಯೇ?

“ನೋವು ಒಂದರಿಂದ ಹತ್ತರೊಳಗೆ ಎಷ್ಟು?” ಡಾಕ್ಟರು ಕೇಳಿದರು. “ಹತ್ತು ಅಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು.”

“ಡಾಕ್ಟರು ಹೆತ್ತಿದ್ದಾರಾ?” ಅಮ್ಮ ಕೇಳಿದರು.

“ಇಲ್ಲ” ಎಂದರು ಡಾಕ್ಟರು, ತುಸು ಅಳುಕಿ.

“ಹಾಗಾದರೆ ಹತ್ತರ ವಿಚಾರ ಅವರಿಗೆ ಬೇಡ. ನಮಾಜಿಗೆ ಬಗ್ಗಿದಾಗ ಒಂಬತ್ತು. ಮನೆಗೆ ನೆಂಟರು ಬಂದರೆ ಸೊನ್ನೆ.”

ಆಗ ಮೂಲೆಯಿಂದ ಯಜಮಾನರು ಬಾಯಿಬಿಟ್ಟರು. ನಿಯಮ ನಿಯಮವೇ. “ನನ್ನ ಹೆಂಡತಿ ಹೇಳುವುದರಲ್ಲಿ ಅರ್ಧ ಬಿಟ್ಟುಬಿಡಿ” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅದನ್ನು ಅರಬ್ಬಿಯಲ್ಲೇ ಕೇಳಿಸಿಕೊಂಡಿದ್ದ ಅಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ನರ್ಸ್ ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

ಕೊನೆಗೆ ಡಾಕ್ಟರು, “ಬೇರೆ ಏನಾದರೂ ತೊಂದರೆ ಇದೆಯೇ?” ಎಂದರು.

ಅಮ್ಮ ಮೊದಲ ಸಲ ದನಿ ತಗ್ಗಿಸಿದರು. “ಇಲ್ಲಿಗೆ ಬಂದಾಗಿನಿಂದ ಎದೆಯ ಮೇಲೆ ಒಂದು ಕಲ್ಲು ಬಂದು ಕೂರುತ್ತದೆ.”

“ಮೊಮ್ಮಕ್ಕಳ ನೆನಪು, ಆಪರೇಷನ್ನಿನ ಭಯ” ಎಂದರು ಯಜಮಾನರು. ನನಗೂ ಹಾಗೇ ಅನ್ನಿಸಿತು. ಅರಬ್ಬಿಯಲ್ಲಿ ದುಃಖವನ್ನು ಎದೆಯ ಮೇಲಿನ ಕಲ್ಲು, ಬೆಟ್ಟ ಅನ್ನುವುದನ್ನು ಎಷ್ಟು ಸಲ ಕೇಳಿಲ್ಲ! ‘ಮನಸ್ಸು ಭಾರ’ ಎಂಬ ಇಂಗ್ಲಿಷ್ ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಲಿವರಿಗೆ ತೋರಿಸಿದ ಮರ್ಯಾದೆಯನ್ನು ಕಲ್ಲಿಗೂ ತೋರಿಸಬೇಕಲ್ಲ. ಇಬ್ಬರ ಮಾತನ್ನೂ ಇದ್ದ ಹಾಗೇ ಹೇಳಿ, “ಸರ್, ಇದು ದುಃಖಕ್ಕೂ ಬಳಸುವ ಮಾತು, ನಿಜವಾದ ಒತ್ತಡವೂ ಇರಬಹುದು. ನನಗೆ ಗೊತ್ತಿಲ್ಲ” ಎಂದೆ.

“ಕಲ್ಲು ಯಾವಾಗ ಬರುತ್ತದೆ ಎಂದು ಕೇಳಿ” ಎಂದರು ಡಾಕ್ಟರು, ಇನ್ನೂ ಮುಗುಳ್ನಗುತ್ತಲೇ.

“ಗೆಸ್ಟ್‌ಹೌಸಿನ ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಹತ್ತುವಾಗ ಬರುತ್ತದೆ. ದವಡೆಯನ್ನು ಯಾರೋ ಕೆಳಗೆ ಎಳೆದ ಹಾಗಾಗುತ್ತದೆ. ಮೆಟ್ಟಿಲ ಮೇಲೇ ಕೂರುತ್ತೇನೆ. ಕಲ್ಲು ಎದ್ದು ಹೋಗುತ್ತದೆ. ಬಹಳ ಮರ್ಯಾದಸ್ಥ ಕಲ್ಲು.”

ಡಾಕ್ಟರ ಮುಖದಿಂದ ನಗು ಇಳಿಯಿತು. “ಊರಲ್ಲೂ ಬರುತ್ತಿತ್ತೇ?”

“ಊರಲ್ಲಿ ಮೆಟ್ಟಿಲೇ ಹತ್ತುವುದಿಲ್ಲ. ಮಂಡಿ ಬಿಡಬೇಕಲ್ಲ!”

ಮುಂದಿನದೆಲ್ಲ ಬೇಗ ಬೇಗ ಆಯಿತು. ಗಾಲಿಕುರ್ಚಿ ಬಂತು, ಇ.ಸಿ.ಜಿ. ತೆಗೆದರು. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹೃದಯದ ಡಾಕ್ಟರು ಬಂದು ಕಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿಸಿಕೊಂಡರು. ಸುಮ್ಮನೆ ಮಲಗಿದಾಗ ತೆಗೆದ ಇ.ಸಿ.ಜಿ. ಚೆನ್ನಾಗಿದ್ದ ಮಾತ್ರಕ್ಕೆ ನಂಬುವಂತಿಲ್ಲ, ಈ ಮಾತುಗಳನ್ನು ನಂಬುತ್ತೇನೆ ಎಂದರು. ಗಾಲಿಕುರ್ಚಿಯ ಪಕ್ಕದಲ್ಲಿ ಯಜಮಾನರು ಬಿರಬಿರನೆ ನಡೆಯುತ್ತಿದ್ದರು. ಜಪಸರ ಜೇಬಿಗೆ ಹೋಗಿತ್ತು, ಕೈ ಹೆಂಡತಿಯ ಭುಜದ ಮೇಲಿತ್ತು. “ಅವಳು ಹೇಳಿದ್ದನ್ನು ನೀನು ಪೂರ್ತಿ ಹೇಳಿದೆ ತಾನೇ?” ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದರು.

ಆಂಜಿಯೋಗ್ರಾಮಿನಲ್ಲಿ ಹೃದಯದ ಒಂದು ರಕ್ತನಾಳ ಬಹುಪಾಲು ಮುಚ್ಚಿಹೋಗಿದ್ದು ಕಂಡಿತು. ಸ್ಟೆಂಟ್ ಹಾಕಿದರು. ಅದಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳಬೇಕಾದ್ದರಿಂದ ಮಂಡಿಯ ಆಪರೇಷನ್ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಇದನ್ನು ಅಮ್ಮನಿಗೆ ತಿಳಿಸುವ ಕೆಲಸ ಹೃದಯದ ಡಾಕ್ಟರದು. ಬೈಸಿಕೊಳ್ಳುವ ಕೆಲಸ, ಭಾಷೆಯ ಕಾರಣದಿಂದ, ನನ್ನದು.

“ಬಾಗಿಲು ಕಿರುಗುಟ್ಟುತ್ತದೆ ಎಂದು ಬಡಗಿಯನ್ನು ಕರೆದರೆ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿ ಹೋದ!” ಎಂದು ಅಮ್ಮ ಗುಡುಗಿದರು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಗುಡುಗಿದೆ. ಮಾತು ಮುಗಿಸಿದವರೇ ಅವರು ಮುಖ ಆಚೆ ತಿರುಗಿಸಿ ಅಬಾಯಾದ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಊರಿಗೆ ಹೊರಡುವ ಮೊದಲು ಮೂಳೆ ಡಾಕ್ಟರನ್ನು ನೋಡಲೇಬೇಕು ಎಂದು ಅಮ್ಮ ಹಟ ಹಿಡಿದು ಯಜಮಾನರೊಂದಿಗೆ ಬಂದರು. “ನಿನ್ನ ಕೈ ಬಾಳಲಿ” ಎಂದು ಹರಸಿದರು. ಡಾಕ್ಟರು ಈ ಸಲ ಹುಷಾರಾಗಿ ನನ್ನತ್ತ ನೋಡಿ ಅರ್ಥ ಕೇಳಿದರು, ಏನು ಉತ್ತರ ಹೇಳಬೇಕೆಂದೂ ಕೇಳಿದರು. ‘ನೀವೂ ಬಾಳಿ’ ಎನ್ನಲು ಹೆಂಗಸಿಗೆ ‘ತಈಶೀನ್’ ಅನ್ನಬೇಕು ಎಂದು ಹೇಳಿಕೊಟ್ಟೆ. ಅವರು ಎದೆಯ ಮೇಲೆ ಕೈಯಿಟ್ಟು, ಕೊನೆಯ ಅರ್ಧ ನುಂಗಿ, “ತಈಶ್!” ಎಂದರು.

ಅದು ಗಂಡಸಿಗೆ ಹೇಳುವ ಮಾತು. ಯಜಮಾನರು ಕುರ್ಚಿಯಿಂದೆದ್ದು, ಬಹಳ ಗೌರವದಿಂದ ಡಾಕ್ಟರ ಕೈ ಕುಲುಕಿ, ಬಾಳಲು ಖಂಡಿತ ಪ್ರಯತ್ನಪಡುತ್ತೇನೆ ಎಂದರು.