ದೊಡ್ಡಮ್ಮ ಕಾದ ಉತ್ತರಾಯಣ

ಜನವರಿ ಐದರಂದು ಮಧ್ಯಾಹ್ನದ ಬಸ್ಸಿಗೆ ಮಂಡ್ಯ ಬಿಟ್ಟೆ. ಮಳವಳ್ಳಿಯ ನನ್ನ ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಈ ವಾರವೇ ಆಪರೇಷನ್ ಆಗಬೇಕು, ತಡವಾದರೆ ಕೈಮೀರುತ್ತದೆ ಎಂದು ಮಂಡ್ಯದ ಡಾಕ್ಟರು ಹೇಳಿದ್ದರು. ದೊಡ್ಡಮ್ಮನದು ಒಂದೇ ಹಟ: ಸಂಕ್ರಾಂತಿ ಕಳೆಯಲಿ. ದಕ್ಷಿಣಾಯನದಲ್ಲಿ ಸತ್ತರೆ ಸದ್ಗತಿ ಇಲ್ಲವೆಂಬ ಭಯ ಆಕೆಗೆ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಮುಕ್ಕಾಲು ಗಂಟೆ ಕಾದೆ. ಎರಡು ವಡೆ ತಿಂದೆ, ರುಚಿ ಹತ್ತಲಿಲ್ಲ. ಮಳವಳ್ಳಿಗೆ ಒಂದೂಕಾಲು ರೂಪಾಯಿ ಟಿಕೆಟ್ಟು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಅಡ್ಡವಾಗಿ, ತಲುಪುವಾಗ ಸಂಜೆಯಾಗಿತ್ತು.

ನಾನು ಸಂಸ್ಕೃತದ ಮೇಷ್ಟ್ರು. ಪಾಠ ಮಾಡದೆ ಬಿಟ್ಟೇನೆಯೇ? "ಸಂಕ್ರಾಂತಿ ಅಂದರೆ ದಾಟೋದು, ದೊಡ್ಡಮ್ಮ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟ್ತಾನೆ. ವರ್ಷಕ್ಕೆ ಹನ್ನೆರಡು ಸಲ. ನಾವು ಹಬ್ಬ ಮಾಡೋದು ಮಕರಕ್ಕೆ ದಾಟೋ ದಿನ. ಉತ್ತರಾಯಣ ಅಂದರೆ ಉತ್ತರಕ್ಕೆ ಹೋಗೋದು, ಅದು ಬೇರೆ. ಹಿಂದೆ ಎರಡೂ ಒಂದೇ ದಿನ ಬರ್ತಿತ್ತು. ನಮ್ಮ ಪಂಚಾಂಗ ರಾಶಿಗಳನ್ನ ನಕ್ಷತ್ರ ಹಿಡಿದು ಎಣಿಸತ್ತೆ. ಹಾಗಾಗಿ ಹಬ್ಬ ನಿಧಾನವಾಗಿ ಹಿಂದೆ ಬಿತ್ತು. ಸೂರ್ಯ ಡಿಸೆಂಬರ್ ಇಪ್ಪತ್ತೆರಡಕ್ಕೇ ತಿರುಗಿ ಆಯ್ತು."

"ಪಂಚಾಂಗಕ್ಕಿಂತ ನೀನು ದೊಡ್ಡೋನೋ ಶೀನು? ಯುಗಾದೀನೂ ಆಗೋಯ್ತು ಅಂತೀಯೇನೋ!"

"ಯುಗಾದಿ ಅಂದರೆ ಯುಗದ ಆದಿ, ಹೊಸ ವರ್ಷದ ಮೊದಲ ದಿನ. ನಮ್ಮಲ್ಲಿ ಅದು ಚಂದ್ರನ ಲೆಕ್ಕ, ಅಮಾವಾಸ್ಯೆ ಕಳೆದ ಪಾಡ್ಯ. ಅದಿನ್ನೂ ದೂರ ಇದೆ."

ದೊಡ್ಡಮ್ಮ ಗೋಡೆ ಕಡೆ ತಿರುಗಿ ಮಲಗಿದರು. ನನಗೆ ಅಳುವೇ ಬಂತು.

ಬೆಳಿಗ್ಗೆ ಹಾಲು ತಂದ ಕೆಂಪಯ್ಯನ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಅವನು ನಕ್ಕ. "ಅದ್ಕೆ ಪುಸ್ತಕ ಯಾಕೆ ಬುದ್ದಿ? ದಿನಾ ಒಂದೇ ಕಲ್ಮೇಲೆ ಕುಂತು ಹಾಲ್ ಕರೀತೀನಿ. ಎದುರ್ಗೆ ದೂರದಾಗೆ ಒಂಟಿ ತೆಂಗಿನ್ ಮರ. ಹದ್ನೈದ್ ದಿನದ ಹಿಂದೆ ಸೂರ್ಯ ಅದರ ಬಲಕ್ಕೆ ಉಟ್ತಿದ್ದ. ಅಲ್ಲೇ ಒಸಿ ದಿನ ನಿಂತ. ಈಗ ಮರ ದಾಟಿ ಎಡಕ್ಕೆ ಬಂದವ್ನೆ. ಎಡ ಅಂದ್ರೆ ಉತ್ತರ ತಾನೆ?"

ಒಳಗಿಂದ ದನಿ ಬಂತು. "ನಿಜವೇನೋ ಕೆಂಪಯ್ಯ?"

"ನಮ್ಮವ್ವನಾಣೆ ಕಣಮ್ಮಾರೆ!"

ದೊಡ್ಡಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಮೂವತ್ತು ವರ್ಷದಿಂದ ಹಾಲಿಗೆ ನೀರು ಬೆರೆಸ್ತಿದಾನೆ, ಆದರೆ ಕಾಣದ್ದನ್ನ ಕಂಡೆ ಅಂದೋನಲ್ಲ. ನನ್ನ ಸೀರೆ ಮಡಿಚಿಡೋ ಶೀನು."

ಹತ್ತರ ಬಸ್ಸಿಗೆ ಹೊರಟೆವು. ಮದ್ದೂರಿನಲ್ಲಿ ವಡೆ ಮಾರುವವನನ್ನು ನೋಡಿ, "ಬರುವಾಗ ತಿನ್ನೋಣ" ಎಂದರು. ಆಪರೇಷನ್ ಮೂರು ಗಂಟೆ ಹಿಡಿಯಿತು. ಬಾಗಿಲಲ್ಲಿ ನಿಂತು ನಾನು ಯಾವ ದೇವರನ್ನೂ ಬಿಡಲಿಲ್ಲ.

ಹಬ್ಬದ ದಿನ ದೊಡ್ಡಮ್ಮ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ನನ್ನ ಹೆಂಡತಿ ತಂದ ಎಳ್ಳು ಬೆಲ್ಲವನ್ನು ನನ್ನ ಕೈಗೆ ಹಾಕಿ ಮೆಲ್ಲಗೆ ಹೇಳಿದರು:

"ಸೂರ್ಯ ಇವತ್ತು ದಾಟ್ತಾನೆ. ನಾನು ಅವನಿಗಿಂತ ಮೊದಲೇ ದಾಟಿದೆ, ಕೆಂಪಯ್ಯನಿಗೆ ಹೇಳು."