ಮೂರನೇ ಊಹೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಹಸಿರುಪೆನ್ನಿನ ಅಕ್ಕ ಅಂತಲೇ ಕರೆಯುತ್ತಿದ್ದರು. ಬೇರೆಯವರು ಮಾಡಿದ ಕಟ್ಟಡದ ಲೆಕ್ಕಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಯಾರ ಮುಲಾಜಿಗೂ ಬಿದ್ದವಳಲ್ಲ. ಗಂಡನೂ ಅದೇ ಆಫೀಸಿನಲ್ಲಿ ಲೆಕ್ಕ ಮಾಡುವವನು. ಗಂಡನ ಹಾಳೆಯನ್ನು ಹೆಂಡತಿ ನೋಡುವುದೇ ಎಂದು ಗಿರಾಕಿಯೊಬ್ಬ ಮೂಗು ಮುರಿದಿದ್ದ. ಮುಖ್ಯಸ್ಥರು ಹಸಿರು ಗೀಚುಗಳಿಂದ ತುಂಬಿದ ಗಂಡನ ಹಾಳೆಯೊಂದನ್ನು ಮುಂದಿಟ್ಟರು.

ಆ ಗಂಡ ಇಪ್ಪತ್ಮೂರು ದಿನದ ಹಿಂದೆ ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದವನು ಏಳಲಿಲ್ಲ. ಅಕ್ಕ ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು, ಕೇಳಿದ ಕಾಗದಕ್ಕೆಲ್ಲ ಸಹಿ ಹಾಕಿದಳು. ಕಲ್ಲುಹೃದಯ ಅಂತ ನಾದಿನಿ ಅಂದದ್ದು ಕಿವಿಗೆ ಬಿತ್ತು. ಏನೂ ಅನಿಸಲಿಲ್ಲ. ಇವತ್ತು ಕೆಲಸಕ್ಕೆ ಬಂದಾಗ ಮೇಜಿನ ಮೇಲೆ ಅವನ ಕೊನೆಯ ಲೆಕ್ಕ ಕಾಯುತ್ತಿತ್ತು.

ಪಂಪ್ ಮನೆಯ ಒಂದು ಉಕ್ಕಿನ ಬೀಮು. ಎರಡು ತುದಿಯೂ ಗೋಡೆಯ ಮೇಲೆ ಸುಮ್ಮನೆ ಕೂತಿರುವಂಥದ್ದು, ಆರು ಮೀಟರ್ ಉದ್ದ. ಮೊದಲು ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇತ್ತು. ಆಮೇಲೆ ಗಿರಾಕಿ, ರಿಪೇರಿಗೆ ಪಂಪನ್ನು ಮೇಲಕ್ಕೆತ್ತಬೇಕು, ಎತ್ತಿಡಬಹುದಾದ ಉಕ್ಕಿನ ಹಲಗೆಗಳು ಸಾಕು ಅಂದಿದ್ದ. ಆ ಬದಲಾವಣೆಯ ಪ್ರಕಾರ ಹೊಸ ಲೆಕ್ಕ ಇದು.

ಅಕ್ಕ ತನ್ನ ಪದ್ಧತಿಯಂತೆ ಅವನ ಅಂಕಿಗಳನ್ನು ಮುಚ್ಚಿ ತಾನೇ ಬೇರೆ ಹಾಳೆಯಲ್ಲಿ ಮಾಡಿದಳು. ಸ್ಥಿರ ಭಾರ ಮೀಟರಿಗೆ ಹತ್ತರಿಂದ ನಾಲ್ಕು ಕಿಲೋನ್ಯೂಟನ್‌ಗೆ ಇಳಿದಿತ್ತು. ಬಳಕೆಯ ಭಾರ ಹತ್ತು. ಒಟ್ಟು ಹದಿನಾಲ್ಕು, ಸುರಕ್ಷತೆಗೆಂದು ಒಂದೂವರೆ ಪಟ್ಟು ಮಾಡಿದರೆ ಇಪ್ಪತ್ತೊಂದು. ಅದನ್ನು ಉದ್ದದ ವರ್ಗದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಬಾಗಿಸುವ ಬಲ ತೊಂಬತ್ತನಾಲ್ಕೂವರೆ. ಬೀಮಿನ ಸಾಮರ್ಥ್ಯ ನೂರ ನಲವತ್ತೆಂಟು. ತುದಿಯಲ್ಲಿ ಕತ್ತರಿಸುವ ಬಲ ಅರವತ್ಮೂರು, ತಡೆಯುವುದು ಇನ್ನೂರ ತೊಂಬತ್ತೈದು. ಬಳಕೆಯ ಭಾರಕ್ಕೆ ನಡುವಿನ ಜೋಲು ಹತ್ತು ಮಿಲಿಮೀಟರಿಗೂ ಕಡಿಮೆ, ಮಿತಿ ಇಪ್ಪತ್ತು. ಅವನ ಹಾಳೆ ತೆರೆದಳು. ಒಂದೂ ತಪ್ಪಿಲ್ಲ. ಕೊನೆಯಲ್ಲಿ ಅವನ ದುಂಡಗಿನ ಅಕ್ಷರ: ಬೀಮು ಸುರಕ್ಷಿತ.

ಟಿಕ್ ಹಾಕುವುದೊಂದು ಬಾಕಿ. ಆದರೆ ಅವಳು ಲೆಕ್ಕಕ್ಕೆ ಆಧಾರವಾದ ಊಹೆಗಳ ಪುಟವನ್ನು ಕೊನೆಗೆ ಓದುವವಳು. ಮೂರನೇ ಊಹೆ: ಬೀಮಿನ ಮೇಲಿನ ಅಂಚನ್ನು ಸ್ಲ್ಯಾಬ್ ಉದ್ದಕ್ಕೂ ಹಿಡಿದಿದೆ.

ಯಾವ ಸ್ಲ್ಯಾಬ್? ಭಾರ ಇಳಿಸಿದ ಮನುಷ್ಯ ಆ ಸಾಲನ್ನು ಹಳೆಯ ಹಾಳೆಯಿಂದ ಹಾಗೇ ಇಳಿಸಿಕೊಂಡಿದ್ದ. ಭಾರ ಕಡಿಮೆಯಾಯಿತಲ್ಲ, ಇನ್ನೇನು ಭಯ ಅಂತ ಎಂಥವನಿಗೂ ಅನಿಸುತ್ತದೆ. ಬಿಡಿ ಹಲಗೆ ಬೀಮನ್ನು ಹಿಡಿಯುವುದಿಲ್ಲ. ಹಿಡಿತವಿಲ್ಲದ ಅಂಚು ಪಕ್ಕಕ್ಕೆ ಹೊರಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಸಾಮರ್ಥ್ಯ ಬರೀ ಐವತ್ಮೂರು, ಬೇಕಾದದ್ದು ತೊಂಬತ್ತನಾಲ್ಕೂವರೆ.

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಅಕ್ಕಾ, ಇದನ್ನ ಎತ್ತಿಟ್ಬಿಡೋಣ. ಹೊಸ ನಂಬರ್ ಹಾಕಿ ಬೇರೆ ಲೆಕ್ಕ ಮಾಡಿಸ್ತೀನಿ. ಅವರ ಕೊನೇ ಹಾಳೆ ಮೇಲೆ ತಿರಸ್ಕೃತ ಅಂತ ಯಾಕೆ ಬರಿಬೇಕು?"

"ಈ ಹಾಳೆ ಆಗಲೇ ವರ್ಕ್‌ಶಾಪಿಗೆ ಹೋಗಿದೆಯಲ್ಲ ಸರ್, ಮುಂಗಡ ಪ್ರತಿ ಅಂತ. ತಿರಸ್ಕೃತ ಅಂತ ಹೋಗದಿದ್ರೆ ಅವ್ರು ಇದನ್ನೇ ನೋಡಿ ಉಕ್ಕು ಕೊಯ್ತಾರೆ."

"ನಿಮಗೆ ಕಷ್ಟ ಆಗಲ್ವಾ?"

"ಗೊತ್ತಿಲ್ಲ ಸರ್. ಏನೂ ಆಗ್ತಿಲ್ಲ."

ನಿಜವಾಗಿಯೂ ಏನೂ ಆಗುತ್ತಿರಲಿಲ್ಲ. ಹಸಿರು ಪೆನ್ನಿನಲ್ಲಿ ಬರೆದಳು: ಮೂರನೇ ಊಹೆ ಈಗ ನಿಲ್ಲುವುದಿಲ್ಲ, ಸಾಮರ್ಥ್ಯ ಐವತ್ಮೂರು, ತಿರಸ್ಕೃತ. ಗೋಡೆಗೆ ಬಿಗಿದ ಎರಡು ಅಡ್ಡ ಬೀಮುಗಳಿಂದ ಎರಡೆರಡು ಮೀಟರಿಗೆ ಹಿಡಿದರೆ ಸಾಮರ್ಥ್ಯ ನೂರ ಇಪ್ಪತ್ತಾರು, ಪರಿಶೀಲಿಸಿ. ಸಹಿ, ತಾರೀಖು. ಪಕ್ಕದ ಅಂಕಣ ಲೆಕ್ಕ ಮಾಡಿದವರ ಉತ್ತರಕ್ಕೆ. ತಪಾಸಣೆ ಮಾಡಿದವರು ಅದನ್ನು ಮುಟ್ಟುವಂತಿಲ್ಲ. ಮುಖ್ಯಸ್ಥರು ವರ್ಕ್‌ಶಾಪಿಗೆ ಫೋನ್ ಮಾಡಿ ಕೊಯ್ಯುವುದನ್ನು ನಿಲ್ಲಿಸಿದರು. ಹಾಳೆಯನ್ನು ಎದುರು ಮೇಜಿನ ಹೆಂಗಸಿಗೆ ಕೊಟ್ಟರು. ಅವನ ಕೆಲಸಗಳೆಲ್ಲ ಈಗ ಅವಳ ಪಾಲಿಗೆ ಬಂದಿದ್ದವು.

ಹತ್ತು ನಿಮಿಷದಲ್ಲಿ ಹಾಳೆ ವಾಪಸು ಬಂತು. ಉತ್ತರದ ಅಂಕಣದಲ್ಲಿ ಒಂದೇ ಪದ: ಒಪ್ಪಿದೆ.

ಅಕ್ಕ ಅದನ್ನೇ ನೋಡುತ್ತ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯ ಒಂದು ಸಲವಾದರೂ ಹಾಗೆ ಬರೆದಿದ್ದನೇ? ಒಂದು ಗೀಚಿಗೆ ಎರಡು ಪುಟ ವಾದ ಬರೆಯುತ್ತಿದ್ದ. ಸಾಲದೆಂದು ಮನೆಯಲ್ಲಿ ತಟ್ಟೆ ಮುಂದೆ ಕೂತು, "ನೀನು ಹೇಳೋದು ಸರಿ ಇರಬಹುದು ಕಣೆ, ಆದ್ರೂ ಕೇಳು" ಎಂದು ಮತ್ತೆ ಶುರು ಹಚ್ಚಿಕೊಳ್ಳುತ್ತಿದ್ದ.

"ಏನಾಯ್ತಕ್ಕಾ, ನಾನು ತಪ್ಪು ಬರೆದ್ನಾ?" ಎದುರಿನವಳು ಎದ್ದು ಬಂದಳು.

"ಇಲ್ಲಮ್ಮ, ಸರಿಯಾಗೇ ಬರೆದಿದೀಯ," ಅಂದಳು ಅಕ್ಕ. ಅಷ್ಟರಲ್ಲಿ ಇಪ್ಪತ್ಮೂರು ದಿನದಿಂದ ಬಾರದಿದ್ದ ಅಳು ಬಂದೇಬಿಟ್ಟಿತು.